ಮೂಗಿನ ಚುಕ್ಕೆ, ಪಾರ್ಲರ್ ಸ್ಟೀಮ್

"ಡೊಂಬಿವಲಿಯ ಪಾರ್ಲರ್‌ನಲ್ಲಿ ತಿಂಗಳಿಗೊಮ್ಮೆ ಸ್ಟೀಮ್ ಮಾಡಿಸಿ ಬ್ಲ್ಯಾಕ್‌ಹೆಡ್ ತೆಗೆಸ್ತೀನಿ. ಮೂಗಲ್ಲಿ ಮತ್ತೆ ಚುಕ್ಕೆ ಬರುತ್ತೆ, ಈಗ ಕೆನ್ನೆಯಲ್ಲಿ ಕಪ್ಪು ಕಲೆ ಬೇರೆ. ಮುಂದುವರಿಸಲಾ?"

ಒತ್ತಿದಾಗ ಏನು ಬರುತ್ತದೆ ನೋಡಿ. ಕಪ್ಪು ತುದಿಯ ಗಟ್ಟಿ ಕಾಳು ಬಂದರೆ ಬ್ಲ್ಯಾಕ್‌ಹೆಡ್. ಒಂದೇ ಅಳತೆಯ ಬೂದು ಚುಕ್ಕೆಗಳಿಂದ ತೆಳ್ಳನೆಯ ಬಿಳಿ ಎಳೆ ಬಂದರೆ ಅದು ಎಲ್ಲರ ಮೂಗಲ್ಲೂ ಇರುವ ಎಣ್ಣೆ. ತೆಗೆಸಿದರೂ ತಿಂಗಳೊಳಗೆ ತುಂಬಿಕೊಳ್ಳುತ್ತದೆ. ನಿಮ್ಮದು ಬಹುಶಃ ಇದೇ. ದುಡ್ಡು ಸುಮ್ನೆ ಹೋಗ್ತಿದೆ.

ಸ್ಟೀಮ್‌ನಿಂದ ರಂಧ್ರ ತೆರೆಯುವುದಿಲ್ಲ, ಒಳಗಿನದು ಮೆತ್ತಗಾಗುತ್ತದೆ ಅಷ್ಟೆ. ಜಾಸ್ತಿ ಹೊತ್ತು ಹಿಡಿದರೆ ಮುಖ ಕೆಂಪಾಗುತ್ತದೆ, ಬಂಗು ಇದ್ದವರಿಗೆ ಅದು ಇನ್ನೂ ಗಾಢವಾಗಬಹುದು.

ಕೆನ್ನೆಯ ಕಲೆಗೆ ಕಾರಣ ಬೇರೆ ಇರಬಹುದು. ಕೆಂಪಗೆ ಊದಿದ ಮೊಡವೆಯನ್ನೂ ಒತ್ತಿದರಾ? ಅದು ಚರ್ಮದ ಒಳಗೇ ಒಡೆದು ಉರಿಯೂತ ಹೆಚ್ಚಾಗುತ್ತದೆ. ನಮ್ಮಂಥ ಕಂದು ಬಣ್ಣದವರಿಗೆ ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಸದ್ಯಕ್ಕೆ ನಿಲ್ಲಿಸಿ. ವಾರಕ್ಕೆ ಎರಡು-ಮೂರು ರಾತ್ರಿ 2% ಸ್ಯಾಲಿಸಿಲಿಕ್ ಆಸಿಡ್ ಹಚ್ಚಿ, ಹಗಲು ಸನ್‌ಸ್ಕ್ರೀನ್ ಬಿಡಬೇಡಿ. ಫಲ ಕಾಣಲು ಎರಡು ತಿಂಗಳಾದರೂ ಬೇಕು. ಮುಂದೆ ತೆಗೆಸಿದರೂ ಬಾಯಿ ತೆರೆದ ಕಪ್ಪು ಕಾಳನ್ನು ಮಾತ್ರ ತೆಗೆಸಿ. ಹಗುರವಾಗಿ ಎರಡು ಸಲ ಒತ್ತಿದರೂ ಬರದಿದ್ದರೆ ಬಿಡಲು ಹೇಳಿ.