ಲೋವರ್ ಥರ್ಡ್‌ನಿಂದ ಲೆಕ್ಕವನ್ನು ಮೇಲಕ್ಕೆ ತನ್ನಿ

> ಚಕ್ರಬಡ್ಡಿ ಪಾಠದ ವಿಡಿಯೊ ಮಾಡಿದ್ದೇನೆ. 1 ಲಕ್ಷ ರೂಪಾಯಿ, ಶೇ 8, 10 ವರ್ಷ. ಸಂಖ್ಯೆಗಳೆಲ್ಲ ಲೋವರ್ ಥರ್ಡ್‌ನಲ್ಲಿ, ಅಂದರೆ ಪರದೆಯ ಕೆಳಭಾಗದ ಪಟ್ಟಿಯಲ್ಲಿ ಬರುತ್ತವೆ. ಆದರೂ ಮಕ್ಕಳಿಗೆ ಅರ್ಥ ಆಗ್ತಿಲ್ಲ. ಯಾಕೆ?

ಬಹುಶಃ ಒಂದು ಸಂಖ್ಯೆ ಬಂದಾಗ ಹಿಂದಿನದು ಮಾಯವಾಗುತ್ತಿದೆ. ಹೋಲಿಸಲು ಕಣ್ಣೆದುರು ಏನೂ ಉಳಿಯುವುದಿಲ್ಲ. ವಿಡಿಯೊ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಪಾಠದಲ್ಲೂ ಇದೇ ಆಗಿತ್ತು.

ಮೊದಲು ಲೋವರ್ ಥರ್ಡ್‌ನಲ್ಲಿ ‘1 ಲಕ್ಷ, ಶೇ 8, 10 ವರ್ಷ’ ಎಂಬ ಒಂದೇ ಸಾಲು ಬಿಡಿ. ಅದು ಕೊನೆವರೆಗೂ ಅಲುಗಾಡದೆ ಇರಲಿ. ಸಬ್‌ಟೈಟಲ್ ಹಾಕಿದರೆ ಅದೇ ಜಾಗಕ್ಕೆ ಬರುತ್ತದೆ, ಹಾಗಾಗಿ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ.

ಆಮೇಲೆ ಪರದೆಯ ನಡುವೆ ಎರಡು ಕಂಬ ನಿಲ್ಲಿಸಿ. ಸರಳಬಡ್ಡಿಯಲ್ಲಿ ಕೊನೆಗೆ 1,80,000, ಚಕ್ರಬಡ್ಡಿಯಲ್ಲಿ 2,15,892. 1080 ಪಿಕ್ಸೆಲ್ ಎತ್ತರದ ಫ್ರೇಮ್‌ನಲ್ಲಿ ಲಕ್ಷಕ್ಕೆ 300 ಪಿಕ್ಸೆಲ್ ಎಂದಿಟ್ಟುಕೊಂಡರೆ ಒಂದು ಕಂಬ 540, ಇನ್ನೊಂದು ಸುಮಾರು 648. ಎರಡೂ ಸೊನ್ನೆಯಿಂದಲೇ ಶುರುವಾಗಬೇಕು. ಬುಡ ಕತ್ತರಿಸಿ ತೋರಿಸಿದರೆ ವ್ಯತ್ಯಾಸ ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಅದು ಮಕ್ಕಳಿಗೆ ತಪ್ಪು ಲೆಕ್ಕ ಕಲಿಸಿದ ಹಾಗೆ ಅಲ್ವಾ?

ಮೊದಲ ಕಂಬ ಬೆಳೆದು ನಿಂತ ಮೇಲೆ ಅದರ ತಲೆಯ ಮೇಲೆ ಸಂಖ್ಯೆ ಬರಲಿ, ನೀವು ಅದನ್ನು ಹೇಳುವ ಕ್ಷಣಕ್ಕೇ. ಎರಡನೆಯದು ಬೆಳೆಯುವಾಗ ಮೊದಲನೆಯದು ಮಂಕಾಗಲಿ, ಅಳಿಸಬೇಡಿ. ಕೊನೆಗೆ ಹೆಚ್ಚಿನ ತುಂಡಿಗೆ ಮಾತ್ರ ಬೇರೆ ಬಣ್ಣ ಕೊಟ್ಟು ‘35,892 ಜಾಸ್ತಿ’ ಎಂದು ಬರೆಯಿರಿ. ಇಡೀ ಪಾಠ ಇರುವುದು ಆ ತುಂಡಿನಲ್ಲೇ.

ಸಂಖ್ಯೆ ಗಿರಗಿರ ಏರುವ ಎಫೆಕ್ಟ್ ಬಿಡಿ, ಓಡುವ ಅಂಕಿಯನ್ನು ಯಾರೂ ಓದಲಾರರು. ಪ್ರತಿ ಸಂಖ್ಯೆಯನ್ನೂ ನಿಧಾನವಾಗಿ ಎರಡು ಸಲ ಜೋರಾಗಿ ಓದಿ ನೋಡಿ, ಅಷ್ಟು ಹೊತ್ತು ಅದು ಪರದೆಯಲ್ಲಿ ನಿಲ್ಲಲಿ. ನಂತರ ದನಿ ಆಫ್ ಮಾಡಿ ಫೋನಿನಲ್ಲಿ ಒಬ್ಬ ವಿದ್ಯಾರ್ಥಿಗೆ ತೋರಿಸಿ, ‘ಎಷ್ಟು ಜಾಸ್ತಿ?’ ಎಂದು ಕೇಳಿ.