ಕಡೆಯುವ ಕಲ್ಲಿನ ಹುಳಿ ವಾಸನೆ

"ಊರಿನ ಮನೆಯ ಕಡೆಯುವ ಕಲ್ಲು ಹಳೆಯ ಹಿಟ್ಟಿನ ವಾಸನೆ ಬರುತ್ತಿದೆ. ಬಿಸಿನೀರು, ಸೋಪು ಹಾಕಿ ತಿಕ್ಕಿದರೂ ಎರಡೇ ದಿನಕ್ಕೆ ಮತ್ತೆ ಅದೇ ವಾಸನೆ. ಏನು ಮಾಡಲಿ?"

ಮೊದಲು ಬಿಸಿನೀರು ಹಾಕುವುದನ್ನು ನಿಲ್ಲಿಸಿ. ಬಿಸಿನೀರು ತಾಗಿದರೆ ಅಕ್ಕಿಹಿಟ್ಟು ಗಂಜಿಯಂತೆ ಬೆಂದು ಕಲ್ಲಿನ ಉಳಿಗುರುತುಗಳೊಳಗೆ ಅಂಟಿಕೊಳ್ಳುತ್ತದೆ. ಮೇಲ್ಮೈ ಸ್ವಚ್ಛವಾಗಿ ಕಾಣುತ್ತದೆ, ಒಳಗೆ ಉಳಿದದ್ದು ಮತ್ತೆ ಹುಳಿಯುತ್ತದೆ. ಸೋಪೂ ಬೇಡ. ಅದರ ಪರಿಮಳ ಆ ಸಂದುಗಳಲ್ಲೇ ಕುಳಿತು ಮುಂದಿನ ಚಟ್ನಿಗೆ ಬರುತ್ತದೆ.

ಕಲ್ಲಿನ ಗುಂಡಿಗೆ ತಣ್ಣೀರು ತುಂಬಿ, ಗುಂಡನ್ನೂ ಅದರಲ್ಲೇ ಇಟ್ಟು ಒಂದು ಗಂಟೆ ಬಿಡಿ. ಒಣಗಿದ ಹಿಟ್ಟು ಮೆತ್ತಗಾದ ಮೇಲೆ ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ. ನಾರು ತಲುಪದ ಸಣ್ಣ ಕುಳಿಗಳಿಗೆ ಹಿಡಿಸೂಡಿಯ ಕಡ್ಡಿಯೇ ಆಗಬೇಕು. ನೀರು ಚೆಲ್ಲಿ, ಒಂದು ಹಿಡಿ ಬೆಳ್ತಿಗೆ ಅಕ್ಕಿ ಮತ್ತು ಎರಡು ಚಮಚ ಕಲ್ಲುಪ್ಪು ಹಾಕಿ, ನೀರು ಹಾಕದೆ ಕಡೆಯಿರಿ. ಆ ತರಿ ಸಂದಿನ ಕೊಳೆಯನ್ನು ಕೆರೆದು ತರುತ್ತದೆ. ಮೊದಲ ಸಲ ಹುಡಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಎಸೆದು, ಬಿಳಿ ಹುಡಿ ಬರುವವರೆಗೆ ಹೊಸ ಅಕ್ಕಿ ಹಾಕಿ ಕಡೆಯಬೇಕು.

ವಾಸನೆಗೆ ಕಾರಣ ಹಿಟ್ಟು ಹುದುಗಿ ಉಂಟಾದ ಆಮ್ಲ. ಹಾಗಾಗಿ ಹುಣಸೆಹುಳಿ, ಲಿಂಬೆಗಿಂತ ಅಡುಗೆ ಸೋಡಾ ಹೆಚ್ಚು ಕೆಲಸ ಮಾಡುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಸೋಡಾ ಕರಗಿಸಿ ಗುಂಡಿಗೆ ಸುರಿದು, ಅರ್ಧ ಗಂಟೆ ಬಿಟ್ಟು ಮೂರು ನೀರಿನಲ್ಲಿ ತೊಳೆಯಿರಿ.

ಇಷ್ಟಾದರೂ ವಾಸನೆ ಮರಳಿದರೆ ಗುಂಡಿನ ತಲೆ ನೋಡಿ. ಉಡುಪಿಯಲ್ಲಿರುವ ನನ್ನ ಅತ್ತಿಗೆಯ ಮನೆಯಲ್ಲಿ ಆದದ್ದು ಇದೇ. ಕಲ್ಲಿನ ಗುಂಡಿಯನ್ನು ಮೂಸಿದರೆ ಏನೂ ಇಲ್ಲ, ಗುಂಡನ್ನು ಮೂಸಿದರೆ ಮುಖ ತಿರುಗಿಸಬೇಕು. ಗುಂಡಿನ ಮೇಲಿನ ತೂತಿಗೆ ಸಿಕ್ಕಿಸಿದ್ದ ಮರದ ಹಿಡಿಕೆಯನ್ನು ಅಲ್ಲಾಡಿಸಿ ಎಳೆದೆವು. ತುದಿ ಕಪ್ಪಾಗಿ ಮೆತ್ತಗಾಗಿತ್ತು, ತೂತಿನ ತಳದಲ್ಲಿ ಉದ್ದಿನ ಹಿಟ್ಟು ಲೋಳೆಗಟ್ಟಿತ್ತು. ಕಡೆಯುವಾಗ ಬೆರಳಿನಿಂದ ಮೇಲೇರುವ ಹಿಟ್ಟು ಅಲ್ಲಿಗೆ ಇಳಿಯುತ್ತದೆ. ಕಲ್ಲನ್ನು ಎಷ್ಟು ಉಜ್ಜಿದರೂ ಅದು ಹೊರಬರುವುದಿಲ್ಲ. ತೂತನ್ನು ಕಡ್ಡಿಯಿಂದ ಕೆರೆದು ಸೋಡಾ ನೀರು ತುಂಬಿಸಿ ತೊಳೆದೆವು. ಹಿಡಿಕೆಯನ್ನು ಉಳಿಸಿಕೊಳ್ಳುವ ಆಸೆ ಅತ್ತಿಗೆಗಿತ್ತು, ಆದರೆ ಮೆತ್ತಗಾದ ಮರದಿಂದ ವಾಸನೆ ಹೋಗುವುದಿಲ್ಲ. ಹೊಸದನ್ನೇ ಮಾಡಿಸಿದರು.

ಕೊನೆಯದು ಒಣಗಿಸುವುದು. ಆಟಿಯ ಮಳೆಯಲ್ಲಿ ನಮ್ಮ ಕರಾವಳಿಯಲ್ಲಿ ಇದೇ ಕಷ್ಟ. ಗುಂಡನ್ನು ಗುಂಡಿಯೊಳಗೆ ಬಿಡಬೇಡಿ, ಅಡಿಯಲ್ಲಿ ನಿಂತ ನೀರು ಆರುವುದೇ ಇಲ್ಲ. ಅದನ್ನು ಹೊರಗೆ ಮಗ್ಗುಲಾಗಿಸಿ, ಗುಂಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಗಾಳಿಗೆ ಬಿಡಿ. ಬೇಗ ಆರಲೆಂದು ಕೆಂಡ ಮಾತ್ರ ಹಾಕಬೇಡಿ, ಕಲ್ಲು ಬಿರಿಯುತ್ತದೆ.

ಪೂರ್ತಿ ಹೋಯಿತೇ ಎಂದು ತಿಳಿಯಲು ಒಣಕಲ್ಲನ್ನು ಮೂಸಿದರೆ ಸಾಲದು. ಎರಡು ದಿನ ಬಿಟ್ಟು, ನೆನೆಸಿದ ಒಂದು ಹಿಡಿ ಅಕ್ಕಿಯನ್ನು ಕಡೆದು ಆ ಹಿಟ್ಟನ್ನು ಮೂಸಿ. ಹಸಿ ಅಕ್ಕಿಯ ವಾಸನೆ ಮಾತ್ರ ಬಂದರೆ ದೋಸೆಗೆ ಉದ್ದು ನೆನೆಹಾಕಬಹುದು.