ಅರ್ಧ ಮುಖ ಯಾಕೆ ಕಪ್ಪಗಿದೆ?

ಪ್ರಿಯ ಸಂಪಾದಕರೇ,
ಕಳೆದ ಸಂಚಿಕೆಯ ಮುಖಪುಟಕ್ಕೆ ಮಾವೊ ಕಾಲದ ಚೀನೀ ಪೋಸ್ಟರ್ ಹಾಕಿದ್ದೀರಿ. ಒಳಗೆ ಅದನ್ನು ‘ಕಲೆ’ ಎಂದೂ ಕರೆದಿದ್ದೀರಿ. ಓದಿ ಬೇಸರವಾಯಿತು. ಸರ್ಕಾರ ಹೇಳಿದ್ದನ್ನು ಬರೆದುಕೊಡುವವನು ಕಲಾವಿದ ಹೇಗಾಗುತ್ತಾನೆ? ಅದು ಘೋಷಣೆಗೆ ಬಣ್ಣ ಬಳಿಯುವ ಕೆಲಸ, ಅಷ್ಟೆ. ಒಂದೇ ಚಿತ್ರವನ್ನು ಊರೆಲ್ಲ ಅಂಟಿಸಿ ಜನರನ್ನು ಹೆದರಿಸಿದರೆ ನಿಷ್ಠೆ ತಾನಾಗಿ ಬರುತ್ತದೆ. ಅದಕ್ಕೆ ಕಲೆ ಯಾಕೆ ಬೇಕು?
— ಚಿತ್ರಕಲೆಯ ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. 1958ರಲ್ಲಿ ಚೀನಾದ ಪೋಸ್ಟರ್‌ಗಳಲ್ಲಿ ಆನೆ ಗಾತ್ರದ ತೆನೆಗಳು ಬೆಳೆದವು, ಅವುಗಳ ಮೇಲೆ ಗುಂಡುಗುಂಡಾದ ಮಕ್ಕಳು ಕೂತು ನಕ್ಕವು. ಮುಂದಿನ ಮೂರು ವರ್ಷದಲ್ಲಿ ಅದೇ ದೇಶದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಆ ನಗುವನ್ನು ಬರೆದ ಕೈ ತೊಳೆದರೂ ಹೋಗದ ಕೆಲಸ ಮಾಡಿದೆ. ಇದರ ಬಗ್ಗೆ ನಮ್ಮಿಬ್ಬರಿಗೂ ಜಗಳವಿಲ್ಲ.

ಜಗಳ ಇರುವುದು ‘ತಾನಾಗಿ’ ಎಂಬ ನಿಮ್ಮ ಒಂದು ಪದದ ಬಗ್ಗೆ. ಚಿತ್ರ ಅಂಟಿಸಿದ ಮಾತ್ರಕ್ಕೆ ಏನೂ ತಾನಾಗಿ ಬರುವುದಿಲ್ಲ. ಚೀನಾದ ಕಲಾವಿದರು ಇದನ್ನು ತುಂಬಾ ಕಷ್ಟಪಟ್ಟು ಕಲಿತರು. ಕಲಿಸಿದವರು ಓದುಬರಹ ಬಾರದ ರೈತರು.

ಕಥೆ ಶುರುವಾಗುವುದು ಶಾಂಘೈನಲ್ಲಿ. 1931ರಲ್ಲಿ ಲೇಖಕ ಲೂ ಶುನ್ ಅಲ್ಲಿ ಹುಡುಗರಿಗೆ ಮರದ ಹಲಗೆ ಕೆತ್ತಿ ಅಚ್ಚು ಹಾಕುವುದನ್ನು ಕಲಿಸುವ ಒಂದು ಸಣ್ಣ ಶಿಬಿರ ಮಾಡಿದ. ಮರದ ಅಚ್ಚು ಚೀನಾಕ್ಕೆ ಹೊಸದೇನಲ್ಲ, ಸಾವಿರ ವರ್ಷದ ಹಳೆಯ ವಿದ್ಯೆ. ಆದರೆ ಈ ಹುಡುಗರು ಕಣ್ಣಿಟ್ಟಿದ್ದು ಯುರೋಪಿನ ಮೇಲೆ. ಜರ್ಮನಿಯ ಕ್ಯಾಥೆ ಕೋಲ್ವಿಟ್ಸ್‌ಳ ಕಪ್ಪುಬಿಳುಪು ಚಿತ್ರಗಳು ಅವರಿಗೆ ಆದರ್ಶ. ಮುಖದ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ಒತ್ತೊತ್ತಾಗಿ ಅಡ್ಡಗೆರೆ ಎಳೆದು ಮಾಡಿದ ಕತ್ತಲೆ. ನಿಮ್ಮ ಕಾಲೇಜಿನಲ್ಲೂ ಇದನ್ನೇ ಕಲಿಸುತ್ತಾರೆ, ಅಲ್ವಾ?

ಆಮೇಲೆ ಜಪಾನಿನ ಜೊತೆ ಯುದ್ಧ ಬಂತು. ಇವರಲ್ಲಿ ಹಲವರು ಕಮ್ಯುನಿಸ್ಟರ ನೆಲೆಯಾದ ಯಾನಾನ್‌ಗೆ ಹೋದರು. ಅದು ಬೆಟ್ಟದ ಗುಹೆಗಳಲ್ಲಿ ಜನ ಬದುಕುವ ಬಡ ಸೀಮೆ. ಅಲ್ಲಿನ ರೈತರಿಗೆ ತಮ್ಮ ಚಿತ್ರ ತೋರಿಸಿದಾಗ ಒಂದು ಪ್ರಶ್ನೆ ಎದುರಾಯಿತು: ಇವನ ಮುಖ ಅರ್ಧ ಯಾಕೆ ಕಪ್ಪಗಿದೆ? ‘ಯಿನ್-ಯಾಂಗ್ ಮುಖ’, ಅಂದರೆ ಅರ್ಧ ಕತ್ತಲೆ ಅರ್ಧ ಬೆಳಕಿನ ಮುಖ, ಎಂದು ಅದಕ್ಕೊಂದು ಹೆಸರೇ ಬಂತು. ನೆರಳು ಎಂದರೆ ಬೆಳಕಿನ ಲೆಕ್ಕ ಎಂಬುದು ಶಾಂಘೈ ಹುಡುಗರ ಪಾಠ. ಹಳ್ಳಿಯ ಕಣ್ಣಿಗೆ ಅದು ಕೊಳೆ, ಇಲ್ಲವೇ ರೋಗ. ಹೊಸ ವರ್ಷಕ್ಕೆ ಮನೆಯೊಳಗೆ ಅಂಟಿಸುವ ಚಿತ್ರದಲ್ಲಿ ಕರಿ ಮುಖ ಯಾರಿಗೆ ಬೇಕು?

ಗು ಯುವಾನ್ ಎಂಬ ಕಲಾವಿದ ಏನು ಮಾಡಿದ ನೋಡಿ. ಹಳ್ಳಿಯ ಹೆಂಗಸೊಬ್ಬಳು ವಿಚ್ಛೇದನ ಕೇಳಿಕೊಂಡು ಅಧಿಕಾರಿಯ ಮುಂದೆ ನಿಂತ ದೃಶ್ಯವನ್ನು ಅವನು ಎರಡು ಸಲ ಕೆತ್ತಿದ್ದಾನೆ. ಮೊದಲನೆಯದರಲ್ಲಿ ಕೋಣೆ ಕತ್ತಲು, ಮುಖಗಳ ಮೇಲೆ ಗೀಟುಗಳ ನೆರಳು. 1943ರಲ್ಲಿ ಅದನ್ನೇ ಮತ್ತೆ ಕೆತ್ತಿದಾಗ ನೆರಳೆಲ್ಲ ಮಾಯ. ಮುಖಗಳು ಬೆಳ್ಳಗೆ, ತೆಳುವಾದ ಒಂದೇ ಹೊರಗೆರೆ, ಹಿಂದೆಯೂ ಖಾಲಿ ಬಿಳುಪು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಕಾನೂನಿನಲ್ಲಿ ಹೆಣ್ಣಿಗೂ ವಿಚ್ಛೇದನದ ಹಕ್ಕಿದೆ ಎಂಬ ಸಂದೇಶ ಎರಡರಲ್ಲೂ ಒಂದೇ. ಬದಲಾಗಿದ್ದು ಉಳಿ ಹಿಡಿದ ರೀತಿ. ಅವನು ಹೇಗೆ ಬದಲಾಗಬೇಕಾಯಿತು ಎನ್ನುವುದೇ ನನಗೆ ಕಲೆಯ ಚರಿತ್ರೆ. ನಡುವೆ 1942ರ ಮೇನಲ್ಲಿ ಮಾವೊ ಸಭೆ ಕರೆದು, ಕಲೆ ಜನರಿಗಾಗಿ ಇರಬೇಕು ಎಂದು ಭಾಷಣ ಮಾಡಿದ್ದೂ ನಿಜ, ಆ ಒತ್ತಡ ಇದ್ದದ್ದೂ ನಿಜ. ಆದರೆ ಮುಖ ತೊಳೆಯಿರಿ ಎಂದು ಮೊದಲು ಹೇಳಿದ್ದು ಹಳ್ಳಿಯವರು.

ಇಲ್ಲಿ ಒಂದು ಅಡ್ಡಕಥೆ. ಬಹಳ ವರ್ಷದ ಹಿಂದೆ ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಚುನಾವಣೆ ಬಂತು. ಅಭ್ಯರ್ಥಿಯೊಬ್ಬರ ಕಡೆಯವನು ಪೋಸ್ಟರ್ ಪ್ರೂಫ್ ಕೈಗೆತ್ತಿಕೊಂಡವನೇ ಕೂಗಾಡಿದ: “ಏನ್ರೀ ಇದು, ನಮ್ಮ ಅಣ್ಣನ ಮುಖಕ್ಕೆ ಅರ್ಧ ಮಸಿ ಬಳಿದಿದ್ದೀರಾ?” ಫೋಟೋ ಸ್ಟುಡಿಯೋದವರು ಒಂದೇ ಕಡೆಯಿಂದ ಲೈಟು ಬಿಟ್ಟು ಚೆನ್ನಾಗಿಯೇ ತೆಗೆದಿದ್ದರು. ನಾವು ಆ ದಿನ ಅವನನ್ನು ನೋಡಿ ನಕ್ಕೆವು. ಗು ಯುವಾನ್ ಬಗ್ಗೆ ಓದಿದ ಮೇಲೆ ಆ ನಗುವಿಗೆ ನಾಚಿಕೆಯಾಯಿತು.

ಮತ್ತೆ ಚೀನಾಕ್ಕೆ ಬರೋಣ. ಅಲ್ಲಿ ಹೊಸ ವರ್ಷಕ್ಕೆ ಮನೆಮನೆಗೂ ಚಿತ್ರ ಕೊಳ್ಳುತ್ತಿದ್ದರು. ಅವುಗಳಿಗೆ ‘ನಿಯಾನ್‌ಹುವಾ’ ಎಂದು ಹೆಸರು. ಬಾಗಿಲಿನ ಎರಡು ಕದಕ್ಕೆ ಇಬ್ಬರು ಬಾಗಿಲ ದೇವರು, ನಮ್ಮ ಗುಡಿಯ ದ್ವಾರಪಾಲಕರ ಹಾಗೆ ಒಬ್ಬರಿಗೊಬ್ಬರು ಜೋಡಿ. ಅಡುಗೆಮನೆಯಲ್ಲಿ ಒಲೆಯ ದೇವರು. ಈ ಒಲೆ ದೇವರು ವರ್ಷವಿಡೀ ಮನೆಯವರ ಮಾತು ಕೇಳಿಸಿಕೊಂಡು, ವರ್ಷದ ಕೊನೆಗೆ ಮೇಲೆ ಹೋಗಿ ವರದಿ ಒಪ್ಪಿಸುತ್ತಾನೆ. ಹೋಗುವ ಮುಂಚೆ ಅವನ ಬಾಯಿಗೆ ಸಿಹಿ ಸವರಿ, ಚಿತ್ರವನ್ನು ಸುಟ್ಟು ಕಳಿಸುತ್ತಾರೆ. ಹೊಸ ವರ್ಷಕ್ಕೆ ಹೊಸ ಹಾಳೆ ಅಂಟಿಸುತ್ತಾರೆ. ಅದೇ ಹಾಳೆಯಲ್ಲಿ ಪಂಚಾಂಗವೂ ಇರುತ್ತಿತ್ತು.

ಅಂದರೆ ಕಮ್ಯುನಿಸ್ಟರು ಬರುವ ಮೊದಲೇ ಪ್ರತಿ ಮನೆಯಲ್ಲೂ ಚಿತ್ರಕ್ಕೆ ಒಂದು ಜಾಗ ಇತ್ತು, ಅದನ್ನು ಬದಲಿಸುವ ದಿನ ಇತ್ತು, ಅದಕ್ಕೆ ಕಾಸು ಎತ್ತಿಡುವ ರೂಢಿ ಇತ್ತು. ಇಂಥ ವ್ಯವಸ್ಥೆಯನ್ನು ಯಾವ ಸರ್ಕಾರವೂ ಹೊಸದಾಗಿ ಕಟ್ಟಲಾರದು. 1940ರ ಹೊಸ ವರ್ಷಕ್ಕೇ ಯಾನ್ ಹಾನ್ ಮತ್ತು ಗೆಳೆಯರು ಬಾಗಿಲ ದೇವರ ಜಾಗದಲ್ಲಿ ಸೈನಿಕರನ್ನು ಕೆತ್ತಿ ಮಾರಿದ್ದರು. ಅಧಿಕಾರ ಹಿಡಿದ ಎರಡೇ ತಿಂಗಳಿಗೆ, 1949ರ ನವೆಂಬರ್‌ನಲ್ಲಿ, ಹೊಸ ಸರ್ಕಾರದ ಸಂಸ್ಕೃತಿ ಇಲಾಖೆ ‘ಹೊಸ ನಿಯಾನ್‌ಹುವಾ ಮಾಡಿ’ ಎಂದು ಆದೇಶ ಹೊರಡಿಸಿತು. ದೇಶದಲ್ಲಿ ಆಗ ಬೇರೆ ಕೆಲಸಕ್ಕೇನು ಬರವಿತ್ತೇ? ಆದರೂ ಈ ಕೆಲಸ ಮೊದಲ ಸಾಲಿನಲ್ಲಿ ನಿಂತಿತು.

ಆದೇಶ ಬಂದಷ್ಟು ಸುಲಭವಾಗಿ ಜನ ಬರಲಿಲ್ಲ. ಬಂದೂಕು ಹಿಡಿದ ಸೈನಿಕ ಕಳ್ಳನನ್ನು ಓಡಿಸಬಹುದು, ದೆವ್ವವನ್ನು ಓಡಿಸುತ್ತಾನೆಯೇ ಎಂಬ ಅನುಮಾನ. ದಿನವಿಡೀ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದವರಿಗೆ ಗೋಡೆಯ ಮೇಲೂ ಅದೇ ಹೊಲ, ಅದೇ ದುಡಿಮೆ ಬೇಡ. ಅವರಿಗೆ ಮೀನು ತಬ್ಬಿದ ಡುಮ್ಮ ಮಗು ಬೇಕು. ಈ ಬಿಕ್ಕಟ್ಟಿನಲ್ಲಿ ಕೈಹಿಡಿದವರು ಯಾರು ಗೊತ್ತೇ? ಶಾಂಘೈನ ಜಾಹೀರಾತು ಕ್ಯಾಲೆಂಡರಿನವರು! ಸಿಗರೇಟು, ಸೋಪು ಮಾರಲು ಚೆಲುವೆಯರನ್ನು ಬರೆಯುತ್ತಿದ್ದವರು. ಅವರ ಕೈಚಳಕ ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಇದ್ದಿಲ ಪುಡಿಯನ್ನು ಹದವಾಗಿ ಉಜ್ಜಿ ಮುಖದ ಉಬ್ಬುತಗ್ಗು ತರುತ್ತಾರೆ. ಎಲ್ಲೂ ಗೆರೆ ಕಾಣಬಾರದು. ಆಮೇಲೆ ಮೇಲಿಂದ ನೀರುಬಣ್ಣದ ತೆಳು ಪದರ. ಕೆನ್ನೆ ಗುಲಾಬಿಯಾಗುತ್ತದೆ, ಚರ್ಮಕ್ಕೆ ಮಿನುಗು ಬರುತ್ತದೆ, ನೆರಳಿದ್ದೂ ಇಲ್ಲದಂತಾಗುತ್ತದೆ. ಯಾನಾನ್‌ನವರು ನೆರಳು ಕೈಬಿಟ್ಟು ಗೆದ್ದರೆ, ಇವರು ಅದನ್ನು ಸಿಹಿಯಾಗಿಸಿ ಗೆದ್ದರು. ಇವರಲ್ಲೊಬ್ಬ ಜಿನ್ ಮೇಶೆಂಗ್. ಹೊಸ ಕಾಲದಲ್ಲಿ ಅವನು ಬರೆದ ಹೆಸರಾಂತ ಚಿತ್ರ ತರಕಾರಿ ಬೆಳೆದ ಹಳ್ಳಿಯ ಹುಡುಗಿಯದು. ಕೈಯಲ್ಲಿರುವ ಸರಕು ಬದಲಾಗಿತ್ತು, ಕೆನ್ನೆಯ ಗುಲಾಬಿ ಮಾತ್ರ ಜಾಹೀರಾತಿನದೇ.

ನಮ್ಮ ಬಾಲ್ಯದಲ್ಲೂ ಇಂಥ ಕೆನ್ನೆಗಳಿದ್ದವು. ಸೋವಿಯತ್ ಪತ್ರಿಕೆಗಳ ನುಣ್ಣನೆ ಹಾಳೆ ಪಠ್ಯಪುಸ್ತಕಕ್ಕೆ ಬೈಂಡು ಹಾಕಲು ಬಲು ಚೆನ್ನ. ನನ್ನ ಗಣಿತ ಪುಸ್ತಕದ ಮೇಲೆ ವರ್ಷವಿಡೀ ಟ್ರ್ಯಾಕ್ಟರ್ ಓಡಿಸುವ ಹೆಂಗಸೊಬ್ಬಳು ನಗುತ್ತಿದ್ದಳು. ಒಳಗಿನ ಲೇಖನ ಒಂದು ಸಾಲೂ ಓದಲಿಲ್ಲ. ಆದರೂ ರಷ್ಯಾ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅವಳ ನಗು. ಘೋಷಣೆ ಮಾಡಿದ ಕೆಲಸವೇ ಇದು?

ಇನ್ನು ನಿಮ್ಮನ್ನು ಕೆರಳಿಸಿದ ಮುಖಪುಟದ ಚಿತ್ರ, ‘ಆನ್‌ಯುವಾನ್‌ಗೆ ಹೊರಟ ಅಧ್ಯಕ್ಷ ಮಾವೊ’. ಆನ್‌ಯುವಾನ್ ಒಂದು ಕಲ್ಲಿದ್ದಲ ಗಣಿಯ ಊರು. ಅಲ್ಲಿ 1922ರಲ್ಲಿ ನಡೆದ ದೊಡ್ಡ ಮುಷ್ಕರದ ಮುಂದಾಳುಗಳಲ್ಲಿ, ಮುಂದೆ ದೇಶದ ಅಧ್ಯಕ್ಷನಾದ ಲಿಯು ಶಾವೋಚಿ ಒಬ್ಬ. 1961ರಲ್ಲಿ ಹೌ ಯಿಮಿನ್ ಎಂಬ ಕಲಾವಿದ ಗಣಿಕಾರ್ಮಿಕರ ನಡುವೆ ಲಿಯು ನಿಂತ ಚಿತ್ರ ಬರೆದಿದ್ದ. ಮಾವೊ ತನ್ನ ಎದುರಾಳಿಗಳನ್ನು ಮಟ್ಟಹಾಕಿದ ಸಾಂಸ್ಕೃತಿಕ ಕ್ರಾಂತಿ ಬಂದಾಗ ಲಿಯು ದೇಶದ್ರೋಹಿ ಎನಿಸಿಕೊಂಡ. ಆ ಚಿತ್ರ ನಾಶವಾಯಿತು, ಬರೆದವನೂ ಹಿಂಸೆ ಉಂಡ. ಗಣಿಯ ಕಥೆಗೆ ಹೊಸ ನಾಯಕ ಬೇಕಾಯಿತು. 1967ರಲ್ಲಿ ಲಿಯು ಚುನ್‌ಹುವಾ ಎಂಬ ಯುವಕ ಈ ಚಿತ್ರ ಬರೆದುಕೊಟ್ಟ.

ಇದರ ಚಾಲಾಕಿತನ ನೋಡಿ. ಮಾವೊ ಆ ಊರಿಗೆ ಹೋಗಿದ್ದು ಸುಳ್ಳಲ್ಲ. ಆದರೆ ಚಿತ್ರದಲ್ಲಿ ಮುಷ್ಕರವಿಲ್ಲ, ಕಾರ್ಮಿಕರಿಲ್ಲ, ಗಣಿಯೂ ಇಲ್ಲ. ಬೆಟ್ಟದ ಮೇಲೆ ಒಬ್ಬನೇ ಯುವಕ. ಮಾಸಲು ನೀಲಿ ನಿಲುವಂಗಿ, ಕಂಕುಳಲ್ಲಿ ಕೊಡೆ, ಬಿಗಿದ ಒಂದು ಮುಷ್ಟಿ, ಹಿಂದೆ ಮೋಡ. ಅಡಿಬರಹ ಮುಚ್ಚಿದರೆ ಯಾವುದೋ ಸಂತ ನಡೆದು ಬರುತ್ತಿದ್ದಾನೆ ಅನಿಸುತ್ತದೆ. ಬಂದೂಕಿಲ್ಲ, ಬಾವುಟವಿಲ್ಲ, ಹೆದರಿಸುವಂಥದ್ದು ಏನೂ ಇಲ್ಲ. ಇದರ 90 ಕೋಟಿ ಪ್ರತಿ ಅಚ್ಚಾದವು ಎನ್ನುತ್ತಾರೆ. ಆಗಿನ ಚೀನಾದ ಜನಸಂಖ್ಯೆಗಿಂತ ಜಾಸ್ತಿ! ಆ ವರ್ಷಗಳಲ್ಲಿ ಹಳೆಯ ದೇವರ ಹಾಳೆಗಳು ಇಳಿದ ಜಾಗಕ್ಕೇ ಮಾವೊ ಚಿತ್ರಗಳು ಏರಿದವು. ಜನ ಬೆಳಿಗ್ಗೆ ಅದರ ಮುಂದೆ ನಿಂತು ಅಪ್ಪಣೆ ಕೇಳಬೇಕು, ಸಂಜೆ ವರದಿ ಒಪ್ಪಿಸಬೇಕು. ವರದಿ ಒಯ್ಯುವ ಒಲೆ ದೇವರು ನೆನಪಾದನೇ?

ಭಯ ಇತ್ತು, ಇಲ್ಲ ಎನ್ನುವುದಿಲ್ಲ. ಆ ಚಿತ್ರ ಹರಿದವನ ಗತಿ ಕೆಟ್ಟದಾಗುತ್ತಿತ್ತು. ಆದರೆ ಭಯ ಕಾಗದವನ್ನು ಗೋಡೆಗೆ ಅಂಟಿಸಬಲ್ಲದು, ಮನಸ್ಸಿಗಲ್ಲ. 80ರ ದಶಕದಲ್ಲಿ ಹಳೆಯ ಬಾಗಿಲ ದೇವರು ಮತ್ತೆ ಮಾರುಕಟ್ಟೆಗೆ ಬಂದಾಗ ಯಾರೂ ಆದೇಶ ಮಾಡಬೇಕಾಗಲಿಲ್ಲ. ಆನ್‌ಯುವಾನ್‌ನ ಮೂಲ ಚಿತ್ರ 1995ರಲ್ಲಿ ಹರಾಜಿಗೆ ಬಂತು. 60 ಲಕ್ಷ ಯುವಾನ್‌ಗೂ ಮಿಕ್ಕಿ ಕೊಟ್ಟು ಕೊಂಡಿದ್ದು ಒಂದು ಬ್ಯಾಂಕು!

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಇಂಥ ಚಿತ್ರಗಳ ಕೈಚಳಕವನ್ನು ಅಸಡ್ಡೆ ಮಾಡುವವರಿಗೆ ಅದು ಎದುರಿಗಿದ್ದರೂ ಗುರುತು ಸಿಗುವುದಿಲ್ಲ. ನಮ್ಮ ಸರ್ಕಲ್‌ಗಳ ಫ್ಲೆಕ್ಸ್ ನೋಡಿ. ಹುಟ್ಟುಹಬ್ಬದ ಶುಭಾಶಯ, ಮೂವತ್ತು ಮುಖ, ಒಂದರಲ್ಲೂ ನೆರಳಿಲ್ಲ. ಕಿತ್ತುಹಾಕಿ ಎಂದು ಬೈಯುವವರು ಬೇಕಾದಷ್ಟಿದ್ದಾರೆ, ನಾನೂ ಒಬ್ಬ. ಆ ಗುಲಾಬಿ ಕೆನ್ನೆ ಯಾವ ದೇವರ ಕ್ಯಾಲೆಂಡರಿನಿಂದ ಇಳಿದು ಬಂತು ಎಂದು ಕೂತು ನೋಡಿದವರು ಕಡಿಮೆ. ಕಲಾಶಾಲೆಗಳಲ್ಲಿ ಕೋಲ್ವಿಟ್ಸ್ ಬಗ್ಗೆ ಬರೆಸುತ್ತಾರೆ, ಕ್ಯಾಲೆಂಡರ್ ಎಂದರೆ ಮೂಗು ಮುರಿಯುತ್ತಾರೆ. ನೀವು ಇನ್ನೂ ವಿದ್ಯಾರ್ಥಿನಿ. ಮೂಗು ಮುರಿಯಲು ಬೇಕಾದಷ್ಟು ಟೈಮಿದೆ, ಮೊದಲು ನೋಡಿ.

ನಿಮ್ಮ ಪತ್ರ ಓದಿದ ಮೇಲೆ ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ ಅನಿಸಿತು. ಆ ಮುಖಪುಟ ಅಚ್ಚಾಗುವ ರಾತ್ರಿ ನಾನು ಪ್ರೆಸ್ಸಿನಲ್ಲೇ ಇದ್ದೆ. ಮೊದಲ ಹಾಳೆ ಹೊರಬಂದಾಗ ಮೆಷಿನ್‌ಮನ್ ಅದನ್ನು ಲೈಟಿಗೆ ಹಿಡಿದು, “ಸಾರ್, ಮುಖ ಸ್ವಲ್ಪ ಡಲ್ ಹೊಡೀತಿದೆ. ಮೆಜೆಂಟಾ ಏರಿಸಲಾ?” ಎಂದು ಕೇಳಿದ.

ಏರಿಸಪ್ಪ ಎಂದೆ.